ಚಮ್ಕಿ, ಮಣಿ ತುಂಬಿದ ಬಟ್ಟಿಗಿ ಹೊಲಿಗಿ: ಮಾರ್ಜಿನ್, ತೂಕ, ತೊಳೆಯೋದು

ಕೇಳಿದವರು (ಕಲಬುರಗಿ, ಮನಿಯಾಗ ಹೊಲಿಗಿ ಮಾಡುವವರು):
ಗಿರಾಕಿ ಒಬ್ಬರು ವರ್ಕ್ ಮಾಡಿಸಿದ ಜಾರ್ಜೆಟ್ ತಂದುಕೊಟ್ಟಾರ, ಅನಾರ್ಕಲಿ ಹೊಲೀಬೇಕು. ಮುಂದಿನ ಎದಿ ತುಂಡಿನ ತುಂಬ ಕಟ್‌ದಾನಾ, ಚಮ್ಕಿ. ಬಗಲು, ಭುಜದ ಹೊಲಿಗಿ ಗೆರಿ ದಾಟಿ ಅಂಚಿನ ತನಕ ಬಂದಾವ. ಅಂಚಿಗಿ ಮಷೀನ್ ಹೊಡ್ದು ನೋಡಿದ್ರ ಸೂಜಿ ಮುರೀತು. ಕತ್ತರಿ ಹಾಕಿದ್ರ ಸಾಲಿಗಿ ಸಾಲೇ ಬಿಚ್ಚತದ. ಹಿಂದಿನ ತುಂಡು ಪ್ಲೇನ್ ಅದ, ಹಾಕ್ಕೊಂಡ್ರ ಮುಂದ ಜಗ್ತದೇನೋ ಅಂತ ಚಿಂತಿ. ತೊಳೆಯೋದು ಹೆಂಗ ಅಂತ ಗಿರಾಕಿಗಿ ಏನು ಹೇಳ್ಲಿ? ಮಾಡಿದವರು ಹೇಳ್ರಿ.

ಬೀದರ್, ಆರಿ ವರ್ಕ್ ಮತ್ತ ಹೊಲಿಗಿ ಎರಡೂ ಮಾಡುವವರು:
ಅಕ್ಕಾ, ಇನ್ನ ಮುಂದ ಕತ್ತರಿ ಹಾಕಬ್ಯಾಡ್ರಿ. ಆರಿ ಸೂಜಿಲಿಂದ ಹಾಕೋದು ಸರಪಳಿ ಹೊಲಿಗಿ. ಒಂದು ಕುಣಿಕಿ ಹಿಂದಿನ ಕುಣಿಕಿನ್ನ ಹಿಡ್ಕೊಂಡಿರ್ತದ, ಗಂಟು ಇರೋದು ಕೊನಿಗಿ ಮಾತ್ರ. ನಡುವ ಕಡದ್ರ, ಅದಕ್ಕಿಂತ ಮೊದಲು ಹಾಕಿದ ಭಾಗದ ಬಾಯಿ ತೆರೀತದ, ಜಗ್ಗಿದಷ್ಟೂ ಬಿಚ್ಕೋತ ಹೋಗ್ತದ. ಆಮ್ಯಾಲ ಹಾಕಿದ ಭಾಗ ಅಷ್ಟು ಬೇಗ ಬಿಚ್ಚಲ್ಲ. ಕಡದ ಜಾಗದ ಒಂದು ಕಡಿ ಸಡಿಲ, ಇನ್ನೊಂದು ಕಡಿ ಗಟ್ಟಿ ಕಂಡ್ರ ಕಾರಣ ಇದೇ.

ಅದಕ್ಕ ಮೊದಲು ಹೊಲಿಗಿ ಗೆರಿನ್ನ ಬ್ಯಾರೆ ಬಣ್ಣದ ದಾರಲಿಂದ ಕಚ್ಚಾ ಹೊಲಿಗಿ ಹಾಕಿ ಗುರ್ತು ಮಾಡ್ಕೋರಿ. ಚಮ್ಕಿ ಮ್ಯಾಲ ಚಾಕ್ ನಿಲ್ಲಲ್ಲ. ಆಮ್ಯಾಲ ಬಟ್ಟಿ ತಿರುಗಿಸಿ, ಹಿಂದಿನ ಮಗ್ಗಲಿಂದ ಒಂದೊಂದು ಸಾಲೂ ಆ ಗೆರಿಗಿ ಬರೋ ಮೊದಲೇ, ಅಂದ್ರ ಮೈ ಕಡಿಗಿ ಕಾಲಿಂಚು ಒಳಗ, ಸಣ್ಣ ಸೂಜಿಲಿಂದ ಎರಡು ಮೂರು ಟಾಕಿ ಹಾಕಿ ಬಿಗೀರಿ. ಇದು ಬ್ಯಾಸರದ ಕೆಲಸ, ಖರೆ. ಆದ್ರ ಇದನ್ನ ಬಿಟ್ಟು ಮುಂದ ಹೋದ್ರ ಉಳಿದಿದ್ದೆಲ್ಲ ವ್ಯರ್ಥ, ಗಿರಾಕಿ ಒಂದು ಸಲ ಹಾಕ್ಕೊಂಡು ಬಿಚ್ಚೋದ್ರಾಗ ಬಗಲಾಗಿನ ಮಣಿ ಉದುರ್ತಾವ.

ಸಾಲು ಬಿಗದ ಮ್ಯಾಲ ಮಾರ್ಜಿನ್‌ನಾಗಿನ ಮಣಿ ತೆಗೀರಿ. ದಾರ ಕಡೀಬಾರದು, ಮಣಿನೇ ಒಡೀಬೇಕು. ಮ್ಯಾಲ ಒಂದು ಹಳಿ ಬಟ್ಟಿ ಹಾಕಿ, ಸಣ್ಣ ಇಕ್ಕಳದಾಗ ಹಿಡ್ದು ಒತ್ತಿದ್ರ ಗಾಜಿನ ಮಣಿ ಪುಡಿ ಆಗ್ತದ, ದಾರ ಹಂಗೇ ಉಳೀತದ. ಬಟ್ಟಿ ಹಾಕದ ಒಡೆದ್ರ ಚೂರು ಕಣ್ಣಿಗಿ ಸಿಡೀತದ, ಇದನ್ನ ಹಗುರ ತಗೋಬ್ಯಾಡ್ರಿ. ಚಮ್ಕಿಗಿ ಇಕ್ಕಳ ಬ್ಯಾಡ. ಸಣ್ಣ ಕತ್ತರಿಲಿಂದ ಅಂಚಿನಿಂದ ನಡುವಿನ ತೂತಿನ ತನಕ ಸೀಳಿದ್ರ ತಾನೇ ಕಳಚಿ ಬರ್ತದ. ಗೆರಿಯ ಎರಡೂ ಮಗ್ಗಲು ಕಾಲಿಂಚು ಖಾಲಿ ಆದ್ರ ಸಾಕು. ಜಿಪ್ ಹಚ್ಚೋ ಒಂದು ಕಾಲಿನ ಫೂಟ್ ಹಾಕಿದ್ರ ಮಣಿಗಿ ತಾಗದ ಗೆರಿ ಮ್ಯಾಲ ಸರಳ ಹೋಗ್ತದ. ಜಾರ್ಜೆಟ್‌ಗಿ 11 ನಂಬರ್ ಹೊಸ ಸೂಜಿ. ಸಂಶಯ ಇದ್ದ ಜಾಗದಾಗ ಚಕ್ರ ಕೈಲಿಂದ ತಿರುಗಿಸ್ರಿ, ಗಟ್ಟಿ ತಾಗಿದ್ರ ಕೈಗಿ ಗೊತ್ತಾಗ್ತದ. ಹೊಲಿಗಿ ಮುಗಿದ ಮ್ಯಾಲ ಖಾಲಿ ಕಾಣೋ ಪಟ್ಟಿಗಿ ಕೈಲಿಂದ ಮತ್ತ ಮಣಿ ಹಾಕ್ರಿ, ಹೊಲಿಗಿನೇ ಕಾಣಲ್ಲ.

ಯಾದಗಿರಿ, ಹಾಕಿಕೊಳ್ಳುವವರು:
ನಾನು ಹೊಲಿಯುವವಳಲ್ಲ, ಆದರೆ ಇಂಥ ಡ್ರೆಸ್ ನಮ್ಮ ಮನೆಯಲ್ಲಿ ಬಹಳ ಇವೆ. ನಮ್ಮ ಟೇಲರ್ ಹಿಂದಿನ ಬದಿಗೆ ಪೂರ್ತಿ ಫ್ಯಾಬ್ರಿಕ್ ಗಮ್ ಸವರಿಬಿಡುತ್ತಾರೆ, ಒಂದು ಮಣಿಯೂ ಬಿದ್ದಿಲ್ಲ. ಒಂದೊಂದು ಸಾಲಿಗೂ ಟಾಕಿ ಹಾಕುತ್ತಾ ಕೂರುವ ಅಗತ್ಯವಿಲ್ಲ. ತೊಳೆಯುವ ವಿಷಯಕ್ಕೆ ಡ್ರೈ ಕ್ಲೀನ್ ಎಂದು ಹೇಳಿಬಿಡಿ. ಅದರಲ್ಲಿ ಯಾವ ತೊಂದರೆಯೂ ಇಲ್ಲ.

ಬೀದರ್‌ನವರು:
ಗಮ್ ಪೂರ್ತಿ ತಪ್ಪಲ್ರಿ. ಟಾಕಿ ಹಾಕಿದ ಗಂಟಿನ ಮ್ಯಾಲ ಸೂಜಿ ತುದಿಯಷ್ಟು ಇಟ್ರ ಛಲೋ ಹಿಡೀತದ. ಆದ್ರ ಇವರದು ಜಾರ್ಜೆಟ್. ಪೂರ್ತಿ ಸವರಿದ್ರ ಮುಂದಿನ ಮಗ್ಗಲಿಗಿ ಒದ್ದಿ ಕಲಿ ಹಂಗ ಮೂಡ್ತದ, ಬಟ್ಟಿ ಬಿರುಸಾಗಿ ಮೈಗಿ ಚುಚ್ತದ. ನಿಮ್ಮ ಮನಿಯಾಗಿನವು ದಪ್ಪ ಸಿಲ್ಕ್ ಬ್ಲೌಸ್ ಇರಬೇಕು, ಅದಕ್ಕ ಕಂಡಿಲ್ಲ. ಇನ್ನ, ಗಮ್ ನಂಬಿ ಡ್ರೈ ಕ್ಲೀನ್‌ಗಿ ಕೊಟ್ರ ಅಲ್ಲಿನ ದ್ರಾವಣಕ್ಕ ಎಷ್ಟೋ ತರದ ಗಮ್ ಬಿಟ್ಕೊಳ್ತದ.

ಕಲಬುರಗಿ, ಅಡ್ಡಾ ಮ್ಯಾಲ ಕಾರ್‌ಚೋಬ್ ಕೆಲಸದ ಹಿರಿಯರು:
ಬೇಟಿ, ಹೊಲಿಗಿ ಮಾತು ಅವರು ಬರಾಬರ್ ಹೇಳ್ಯಾರ. ನಾನು ತೂಕದ ಮಾತು ಹೇಳ್ತೀನಿ. ಅಂದಾಜಲಿ ಹೆದರಬ್ಯಾಡ, ಅಡಗಿ ಮನಿ ಕಾಟಾದಾಗ ತೂಗು. 11 ನಂಬರ್ ಗುಂಡು ಮಣಿ ಗ್ರಾಂಗ ನೂರರ ಮ್ಯಾಲ ಕೂತಾವ, ಚಮ್ಕಿ ಅದರ ಮುಂದ ತೂಕನೇ ಅಲ್ಲ. ತುಂಬಿದ್ದು ಚಮ್ಕಿ ಆದ್ರ ಚಿಂತಿ ಇಲ್ಲ, ಗಾಜು ಆದ್ರ ಅದ. ಮುಂದಿನ ತುಂಡು, ಹಿಂದಿನ ತುಂಡು, ಘೇರ್ ಬ್ಯಾರೆ ಬ್ಯಾರೆ ತೂಗಿ ಹೇಳು.

ಆಳಂದ ಕಡಿಯವರು:
ನಂದೂ ಇದೇ ಸಮಸ್ಯೆ. ಸೀರೆ ಸೆರಗಿಗೆ ಮಣಿ ಕುಚ್ಚು ಕಟ್ಟಿಸಿದ್ದೆ, ಭುಜದಿಂದ ಹಿಂದೆ ಜಗ್ಗುತ್ತದೆ. ಅದಕ್ಕೂ ಹಿಂಗೇ ಮಣಿ ಒಡೆದು ತೆಗೀಬೇಕಾ?

ಬೀದರ್‌ನವರು:
ಇಲ್ರಿ, ಅದು ಬ್ಯಾರೆ. ಸೆರಗಿಗಿ ಹೊಲಿಗಿನೇ ಇಲ್ಲ. ಭುಜದ ಹತ್ರ ಬ್ಲೌಸ್‌ಗಿ ಎರಡು ಪಿನ್ ಹಾಕಿ, ಪಿನ್ ಕೆಳಗ ಸೀರಿಗಿ ಸಣ್ಣ ಬಟ್ಟಿ ತುಂಡು ಇಡ್ರಿ, ನೂಲು ಹರಿಯಲ್ಲ. ಕುಚ್ಚು ಭಾಳ ಒತ್ತಾಗಿದ್ರ ಒಂದು ಬಿಟ್ಟು ಒಂದು ಬಿಚ್ಚಿಸ್ರಿ.

ಕೇಳಿದವರು:
ಚಾಚಾ, ತೂಗಿದೆ. ಮುಂದಿನ ಎದಿ ತುಂಡು 185 ಗ್ರಾಂ. ಅದೇ ಅಳತಿ ಹಿಂದಿನದು 20 ಗ್ರಾಂ. ಘೇರ್ ಪ್ಲೇನ್, ಅಸ್ತರ ಸೇರಿ ಸುಮಾರು 600.

ಕಾರ್‌ಚೋಬ್ ಹಿರಿಯರು:
ನೋಡು ಈಗ. ನೀನು ಮಣಿ ತೂಕಕ್ಕ ಹೆದರಿದ್ದಿ, ಭಾರ ಇರೋದು ಘೇರ್‌ನಾಗ. ಆದ್ರ ಘೇರ್ ಹಿಂದ ಮುಂದ ಸಮ ಜೋತು ಬೀಳ್ತದ, ಅದು ಭುಜನ್ನ ಕೆಳಗ ಜಗ್ತದ, ಮುಂದಕ್ಕ ತರಲ್ಲ. ಮುಂದಕ್ಕ ತರೋದು ಈ 165 ಗ್ರಾಂ ಫರಕ್. ಹಾಕ್ಕೊಂಡಾಗ ಭುಜದ ಹೊಲಿಗಿ ಮುಂದ ಜಾರಿ, ಹಿಂದಿನ ಕೊರಳು ಕುತ್ತಿಗಿಗಿ ಏರಿ ಕೂತ್ರ ಅದರದೇ ಕೆಲಸ ಅಂತ ತಿಳಕೋ. ಎರಡು ಬ್ಯಾನಿಗಿ ಎರಡು ಔಷಧ.

ಮುಂದಿನ ತುಂಡಿನ ಭಾರ ಜಾರ್ಜೆಟ್ ಮ್ಯಾಲ ಬಿಡಬ್ಯಾಡ. ಅದೇ ಅಳತಿಗಿ ಹತ್ತಿ ಅಸ್ತರ ಕೊಯ್ದು, ಎರಡೂ ಮೇಜಿನ ಮ್ಯಾಲ ಸಪಾಟ ಹಾಸಿ, ಬೂಟಿಗಳ ನಡುವ ಅಲ್ಲಲ್ಲಿ ಕೈ ಟಾಕಿ ಹಾಕು. ಆಮ್ಯಾಲ ಎರಡನ್ನೂ ಒಂದೇ ಬಟ್ಟಿ ಅಂತ ಹೊಲಿ. ಅಸ್ತರ ಒಂದು ಕೂದಲೆಳಿಯಷ್ಟು ಬಿಗಿ ಇದ್ರ ಛಲೋ, ಸಡಿಲ ಇದ್ರ ಭಾರ ಮತ್ತ ಜಾರ್ಜೆಟ್‌ಗೇ ಬೀಳ್ತದ. ಭುಜದ ಹೊಲಿಗಿಯಾಗ ಅಸ್ತರದ ಕಿನಾರಿ ಪಟ್ಟಿ, ಅರ್ಧ ಇಂಚಿಂದು, ಸೇರಿಸಿ ಹೊಲಿ. ಕಿನಾರಿ ಹಿಗ್ಗಲ್ಲ, ಭುಜ ಉದ್ದ ಆಗಲ್ಲ.

ಘೇರ್‌ಗಿ ನಡದ ಹತ್ರ ಒಳಗ ಬೆಲ್ಟ್ ಕೊಡು. ಇಂಚು ಅಗಲದ ಗಟ್ಟಿ ಪಟ್ಟಿ, ನಡದ ಹೊಲಿಗಿ ಮಾರ್ಜಿನ್‌ಗಿ ಅಲ್ಲಲ್ಲಿ ಟಾಕಿ ಹಾಕಿ ಹಿಡಿಸು, ಜಿಪ್ ಇರೋ ಕಡಿ ತುದಿಗಿ ಎರಡು ಹುಕ್. ಹಾಕ್ಕೊಂಡ ಹುಡುಗಿ ಮೊದಲು ಬೆಲ್ಟ್ ಹಾಕ್ಕೋಬೇಕು, ಆಮ್ಯಾಲ ಜಿಪ್. 600 ಗ್ರಾಂ ನಡದ ಮ್ಯಾಲ ಕೂತ್ರ ಭುಜಕ್ಕ ಉಳಿಯೋದು ಎದಿ ತುಂಡಷ್ಟೇ, ಅದೂ ಕೆಳಗಿಂದ ಹಿಡ್ದಂಗ ಆಗಿ ಮುಂದ ಜಾರಲ್ಲ. ಕೊರಳು ಅಗಲ ಕೊಯ್ಯಬ್ಯಾಡ, ಅಗಲ ಕೊರಳಿಗಿ ಈ ಯಾವ ಉಪಾಯನೂ ಪೂರಾ ನಡೆಯಲ್ಲ. ಘೇರ್ ಅಂಚು ಮಡಚೋ ಮೊದಲು ಒಂದು ರಾತ್ರಿ ತೂಗು ಹಾಕು. ಕ್ರಾಸ್ ಬಂದ ಕಡಿ ಬಟ್ಟಿ ಕೆಳಗ ಇಳೀತದ, ಇಳಿದ ಮ್ಯಾಲೇ ಸಮ ಮಾಡು.

ಕಲಬುರಗಿ, ಮದುವಿ ಬಟ್ಟಿ ಬಾಡಿಗಿಗಿ ಕೊಡುವವರು:
ತೊಳೆಯೋದು ನಾನು ಹೇಳ್ತೀನ್ರಿ, ನಮ್ಮಲ್ಲಿ ವಾರಾವಾರ ಇದೇ ಕೆಲಸ. ಡ್ರೈ ಕ್ಲೀನ್ ಅಂದ್ರ ಎಲ್ಲಕ್ಕೂ ಸುರಕ್ಷಿತ ಅಂತ ಜನ ನಂಬ್ಯಾರ. ಕೆಲವು ಪ್ಲಾಸ್ಟಿಕ್ ಚಮ್ಕಿ ಆ ದ್ರಾವಣಕ್ಕ ಮುದುಡ್ತಾವ, ಕೆಲವುದರ ಹೊಳಪು ಹೋಗಿ ಮಸುಕಾಗ್ತಾವ. ನೋಡಿ ಗುರ್ತಿಸೋದು ಕಷ್ಟ. ಅದಕ್ಕ ಮಾರ್ಜಿನ್‌ನಿಂದ ತೆಗೆದ ಚಮ್ಕಿನ್ನ ಒಂದು ಚೀಟಿಯಾಗ ಕಟ್ಟಿ ಗಿರಾಕಿಗಿ ಕೊಡ್ರಿ. ಅವರು ಅಂಗಡಿಯವರಿಗಿ ಕೊಟ್ಟು, ಮೊದಲು ಇವನ್ನ ಹಾಕಿ ನೋಡ್ರಿ ಅನ್ನಲಿ. ಒಪ್ಪದ ಅಂಗಡಿಗಿ ಬಟ್ಟಿ ಕೊಡಬಾರದು.

ಖರೆ ಹೇಳಬೇಕಂದ್ರ ಇಂಥದಕ್ಕ ತೊಳೆಯೋ ಪ್ರಸಂಗನೇ ಕಡಿಮಿ ಬರೋ ಹಂಗ ಮಾಡಬೇಕು. ನಮ್ಮ ಕಡಿ ಮದುವಿ ಅಂದ್ರ ಏಪ್ರಿಲ್, ಮೇ. ಬಿಸಿಲು 42 ಡಿಗ್ರಿ, ಕೆಡಿಸೋದು ಬಗಲ ಬೆವರು. ಹತ್ತಿ ಪ್ಯಾಡ್ ಮಾಡಿ ಟಿಚ್ ಬಟನ್ ಹಚ್ಚಿ ಕೊಡ್ರಿ, ಅದನ್ನ ತೆಗೆದು ತೊಳೀಲಿ. ಹಾಕಿದ ಮ್ಯಾಲ ಬಟ್ಟಿ ಒಳಮಗ್ಗಲು ತಿರುಗಿಸಿ ನೆರಳಾಗ ಗಾಳಿಗಿಡಲಿ, ಅಸ್ತರನ್ನ ಮಾತ್ರ ಒದ್ದಿ ಬಟ್ಟಿಲಿಂದ ಒರಸಲಿ. ಅತ್ತರ್, ಸ್ಪ್ರೇ ಬಟ್ಟಿ ಹಾಕ್ಕೊಳ್ಳೋ ಮೊದಲು ಮೈಗಿ ಹಚ್ಚಲಿ, ಜರಿ ತಂತಿ ಅದಕ್ಕೂ ಕಪ್ಪಾಗ್ತದ.

ತೊಳೀಲೇಬೇಕಾದ್ರ, ಜರ್ದೋಸಿ ತಂತಿ ಇಲ್ಲ, ಗಮ್‌ಲಿಂದ ಅಂಟಿಸಿದ ಕುಂದನ್ ಇಲ್ಲ ಅಂತ ನೋಡಿ, ತಣ್ಣೀರಿಗಿ ಸ್ವಲ್ಪ ಶಾಂಪೂ ಹಾಕಿ ಟಬ್‌ನಾಗ ಅದ್ದಿ ತೆಗೀರಿ. ಉಪ್ಪು ಹಾಕಬ್ಯಾಡ್ರಿ. ನೀರು ಕುಡಿದ ಬಟ್ಟಿಗಿ ತೂಕ ಭಾಳ, ಭುಜ ಹಿಡ್ದು ಎತ್ತಿದ್ರ ಅಲ್ಲೇ ಹರೀತದ. ಕೆಳಗಿಂದ ಎರಡೂ ಕೈಲಿಂದ ಎತ್ತಿ, ಟವೆಲ್‌ನಾಗ ಸುತ್ತಿ ಒತ್ರಿ, ಹಿಂಡಬ್ಯಾಡ್ರಿ. ಬೋರ್ ನೀರು ಆದ್ರ ಕೊನಿ ನೀರು ಕುಡಿಯೋ ನೀರು ಇರಲಿ, ಇಲ್ಲಂದ್ರ ಚಮ್ಕಿ ಮ್ಯಾಲ ಬಿಳಿ ಕಲಿ ಕೂಡ್ತಾವ. ಹೊರಸಿನ ಮ್ಯಾಲ ಚಾದರ್ ಹಾಸಿ ನೆರಳಾಗ ಒಣಗಿಸ್ರಿ. ಇಸ್ತ್ರಿ ಮುಂದಿನ ಮಗ್ಗಲಿಗಿ ಮುಟ್ಟಿಸಲೇಬಾರದು. ಇಡುವಾಗೂ ಹ್ಯಾಂಗರ್ ಬ್ಯಾಡ, ಒಳಮಗ್ಗಲು ಹೊರಗ ಮಾಡಿ ಹತ್ತಿ ಬಟ್ಟಿಯಾಗ ಮಡಚಿ ಇಡಬೇಕು.

ಯಾದಗಿರಿಯವರು:
ಚಮ್ಕಿ ಚೀಟಿ ವಿಷಯ ಗೊತ್ತಿರಲಿಲ್ಲ. ನಮ್ಮಲ್ಲಿ ಒಂದು ಕುರ್ತಾದ ಚಮ್ಕಿಗಳು ಎರಡನೇ ಸಲಕ್ಕೆ ಬೂದಿ ಬಣ್ಣಕ್ಕೆ ತಿರುಗಿದ್ದವು, ಮಾಲೇ ಕಳಪೆ ಎಂದುಕೊಂಡಿದ್ದೆವು.

ಕೇಳಿದವರು:
ಎಲ್ಲರಿಗೂ ಶರಣು. ಇನ್ನೊಂದು. ಖಾಲಿ ಪಟ್ಟಿಗಿ ಮತ್ತ ಮಣಿ ಹಾಕಾಕ ನೈಲಾನ್ ದಾರ ತಗೊಳ್ಲೇನು? ಬಗಲಿಗಿ ಮಾರ್ಜಿನ್ ಒಂದೂವರಿ ಇಂಚು ಬಿಡು ಅಂತಾರ, ಮುಂದ ದೊಡ್ಡದು ಮಾಡಸ್ತಾರಂತ.

ಬೀದರ್‌ನವರು:
ನೈಲಾನ್ ಬ್ಯಾಡ ಅಂತ ನನ್ನ ಮಾತು. ಗಂಟು ಜಾರ್ತದ, ತುದಿ ಮೈಗಿ ಚುಚ್ತದ. ಪಾಲಿಯೆಸ್ಟರ್ ದಾರ ಎರಡೆಳಿ ಮಾಡಿ, ಮೂರು ನಾಕು ಮಣಿಗೊಂದು ಗಂಟು ಹಾಕ್ರಿ. ಮಾರ್ಜಿನ್ ಒಂದೂವರಿ ಬಿಡ್ರಿ, ಆದ್ರ ಬಿಚ್ಚಿ ದೊಡ್ಡದು ಮಾಡಿದಾಗ ಅಲ್ಲಿ ಮಣಿ ಇಲ್ಲದ ಪಟ್ಟಿ ಕಾಣ್ತದ ಅಂತ ಈಗೇ ಹೇಳ್ರಿ. ಅದೇ ಮಣಿ ಒಂದಿಷ್ಟು ತಂದು ಅವರ ಹತ್ರ ಇಟ್ಕೊಳ್ಳಲಿ. ಒಡೆದ ಚೂರು ಉಳಿದ ಮಾರ್ಜಿನ್ ಮ್ಯಾಲ ಅಸ್ತರದ ಕ್ರಾಸ್ ಪಟ್ಟಿ ಮುಚ್ಚಿ ಹೊಲೀರಿ, ಇಲ್ಲಂದ್ರ ಬಗಲು ಕೆರೀತದ.

ಕಾರ್‌ಚೋಬ್ ಹಿರಿಯರು:
ಗುಂಡು ಮಣಿಗಿ ಆಕಿ ಮಾತು ಖರೆ. ಕಟ್‌ದಾನಾಕ್ಕ ನಾನು ಒಪ್ಪಲ್ಲ. ಅದರ ತೂತಿನ ಅಂಚು ಧಾರಿ ಇರ್ತದ, ಸಾದಾ ದಾರ ಕೊಯ್ತದ. ನಾನು ಅದಕ್ಕ ನೈಲಾನೇ ಹಾಕೋದು, ಮೂರು ಗಂಟು ಹಾಕಿ ತುದಿ ಅಸ್ತರದ ಒಳಗ ಬಿಡ್ತೀನಿ.

ಬೀದರ್‌ನವರು:
ಚಾಚಾ, ಪಾಲಿಯೆಸ್ಟರ್‌ಗಿ ಮೇಣ ಹಚ್ಚಿದ್ರ ಕಟ್‌ದಾನಾನೂ ತಡೀತದ, ನಂದು ತಡದದ. ಅಕ್ಕಾ, ಒಂದು ಚಿಂದಿ ಮ್ಯಾಲ ಎರಡೂ ದಾರಲಿಂದ ಒಂದೊಂದು ಸಾಲು ಹಾಕಿ, ಕೈಯಾಗ ತಿಕ್ಕಿ ತಿರುವಿ ನೋಡ್ರಿ. ನಿಮ್ಮ ಮಣಿ ಯಾವುದನ್ನ ಕೊಯ್ತದ ಅಂತ ಅಲ್ಲೇ ಗೊತ್ತಾಗ್ತದ.