ಸಹಾಯ ಬೇಕು: ಹಾಸನದಲ್ಲಿ ಮಳಿಗೆಯೋ, ರೀಟ್ ಯೂನಿಟ್‌ಗಳೋ?

ಎಲ್ಲರಿಗೂ ನಮಸ್ಕಾರ. ನಿವೃತ್ತಿಯ ಹಣದಲ್ಲಿ 30 ಲಕ್ಷಕ್ಕೆ ಹಾಸನದಲ್ಲಿ ಸಣ್ಣ ಮಳಿಗೆ ಕೊಳ್ಳೋಣ ಎನ್ನುತ್ತಾರೆ ನಮ್ಮ ಮನೆಯವರು. ನನ್ನ ಒಲವು ಎಂಬೆಸಿಯಂತಹ ರೀಟ್ ಕಡೆಗೆ, ಅಂದರೆ ಹಲವರ ಹಣ ಸೇರಿಸಿ ಬಾಡಿಗೆ ಕಟ್ಟಡಗಳಲ್ಲಿ ಹೂಡಿ ಆದಾಯ ಹಂಚುವ, ಷೇರುಪೇಟೆಯಲ್ಲಿ ಯೂನಿಟ್‌ಗಳಾಗಿ ಕೊಳ್ಳಬಹುದಾದ ಟ್ರಸ್ಟ್ ಕಡೆಗೆ. ಮಗಳ ಓದಿಗೆ ತುರ್ತಾಗಿ ಎರಡು ಲಕ್ಷ ಬೇಕಾದರೆ ಅಷ್ಟೇ ಯೂನಿಟ್ ಮಾರಬಹುದು, ಮಳಿಗೆಯ ಒಂದು ಮೂಲೆಯನ್ನು ಮಾರಲಾಗದು. ಬಾಡಿಗೆದಾರರನ್ನು ಹುಡುಕುವ, ಸೋರುವ ಚಾವಣಿ ರಿಪೇರಿ ಮಾಡಿಸುವ ಓಡಾಟವೂ ಇರುವುದಿಲ್ಲ. ಆದರೆ ಯೂನಿಟ್ ಬೆಲೆ ದಿನವೂ ಏರಿಳಿಯುತ್ತದೆ, ಅದು ನಿಜ.

ತೆರಿಗೆಯಲ್ಲೇ ನನಗೆ ಗೊಂದಲ. ಮಳಿಗೆಗೆ ವರ್ಷಕ್ಕೆ 1,20,000 ಬಾಡಿಗೆ ಬಂದರೆ 6,000 ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ವಿನಾಯಿತಿ ಸಿಕ್ಕಿ, 79,800ಕ್ಕೆ ಮಾತ್ರ ತೆರಿಗೆ. ರೀಟ್ ಹಂಚಿಕೆಯಲ್ಲಿ, ಅದು ತನ್ನ ಕಟ್ಟಡಗಳ ಕಂಪನಿಗಳಿಗೆ ಕೊಟ್ಟ ಸಾಲದ ಬಡ್ಡಿಯ ಭಾಗಕ್ಕೆ ಈ ವಿನಾಯಿತಿ ಇಲ್ಲ, ಇಡೀ ಮೊತ್ತ ನನ್ನ ಆದಾಯಕ್ಕೆ ಸೇರುತ್ತದೆ. ಆ ಸಾಲದ ಮರುಪಾವತಿಯೆಂದು ಬರುವ ಭಾಗಕ್ಕೆ ಕೈಗೆ ಬಂದಾಗ ತೆರಿಗೆ ಇಲ್ಲದಿದ್ದರೂ ಅದು ಯೂನಿಟ್‌ನ ಖರೀದಿ ಬೆಲೆಯಿಂದ ಕಳೆಯುತ್ತದೆ, ಮಾರುವಾಗ ಲಾಭ ಹೆಚ್ಚಾಗಿ ಕಾಣುತ್ತದೆ.

ಹಲವು ವರ್ಷ ರೀಟ್ ಇಟ್ಟುಕೊಂಡು ಮಾರಿದವರು ಯಾರಾದರೂ ಇದ್ದೀರಾ? ಬೇರೆ ಬೇರೆ ಸಲ ಕೊಂಡ ಯೂನಿಟ್‌ಗಳ ಈ ಕಳೆದ ಬೆಲೆಯ ಲೆಕ್ಕವನ್ನು ಹೇಗೆ ಬರೆದಿಟ್ಟಿರಿ? ಬ್ರೋಕರ್ ವರದಿಯಲ್ಲಿ ಅದು ಸರಿಯಾಗಿ ಬಂದಿತ್ತೇ, ದಯವಿಟ್ಟು ತಿಳಿಸಿ.