ಆ್ಯಪ್‌ನಲ್ಲಿ −15, ಕೆಳಗೇ −26: ಯಾವ ಚಳಿಗೆ ಸಿದ್ಧವಾಗೋದು?

ಪ್ರಶ್ನೆ (ಸರಸ್ವತಿಪುರಂ): ಜನವರಿಯಲ್ಲಿ ಮಗಳ ಮನೆಗೆ, ಕೆನಡಾದ ವಿನಿಪೆಗ್‌ಗೆ ಹೋಗ್ತಿದ್ದೀವಿ. ಆ್ಯಪ್‌ನಲ್ಲಿ −15, ಅದರ ಕೆಳಗೆ ಫೀಲ್ಸ್ ಲೈಕ್ −26 ಅಂತ ಬರುತ್ತೆ. ಯಾವುದನ್ನ ನಂಬೋದು ಸಾರ್?

ಉತ್ತರ (ಹವಾಮಾನ ತಜ್ಞರು): ಎರಡನ್ನೂ ನಂಬಿ ಮೇಡಂ. −15 ಗಾಳಿಯ ಉಷ್ಣಾಂಶ. −26 ನಿಮ್ಮ ಬರಿ ಮುಖದ ಲೆಕ್ಕ. ಚರ್ಮಕ್ಕೆ ಅಂಟಿಕೊಂಡಂತೆ ನಮ್ಮದೇ ಶಾಖದ ತೆಳು ಪದರ ಇರುತ್ತೆ, ಗಾಳಿ ಅದನ್ನ ಕಿತ್ತುಕೊಂಡು ಹೋಗುತ್ತಲೇ ಇರುತ್ತೆ. ಗಂಟೆಗೆ 30 ಕಿ.ಮೀ. ಗಾಳಿ ಬೀಸುವ −15ರಲ್ಲಿ ಮುಖ ಎಷ್ಟು ಬೇಗ ಶಾಖ ಕಳ್ಕೊಳ್ಳುತ್ತೋ, ಗಾಳಿ ನಿಂತ −26ರಲ್ಲಿ ನಡೆದಾಗಲೂ ಅಷ್ಟೇ ಬೇಗ. ಅಮೆರಿಕ, ಕೆನಡಾ 2001ರಿಂದ ಬಳಸ್ತಿರೋ ಸೂತ್ರದ ಅರ್ಥ ಇಷ್ಟೇ. ಬಿಸಿಲನ್ನ ಅದು ಲೆಕ್ಕಕ್ಕೆ ಹಿಡಿಯಲ್ಲ.

ಮಂಡ್ಯದ ಮೆಕ್ಯಾನಿಕ್: ಹಂಗಾದ್ರೆ ಕಾರಿಗೂ −26 ತಡೆಯೋ ಕೂಲಂಟೇ ಹಾಕ್ಬೇಕು. ಗಾಳಿಗೆ ಎಂಜಿನ್ನೂ ಬೇಗ ತಣ್ಣಗಾಗುತ್ತಲ್ಲ.

ತಜ್ಞರು: ಬೇಗ ತಣ್ಣಗಾಗುತ್ತೆ, ಅಲ್ಲಿವರೆಗೆ ಸರಿ. ಆದರೆ −15ಕ್ಕಿಂತ ಕೆಳಗಿಳಿಯಲ್ಲ. ಮುಚ್ಚಳ ಹಾಕಿದ ಊಟದ ಕ್ಯಾರಿಯರ್‌ನ ಫ್ಯಾನ್ ಕೆಳಗಿಡಿ, ಬೇಗ ಆರುತ್ತೆ, ಆದರೆ ಕೋಣೆಗಿಂತ ತಣ್ಣಗಾಗುತ್ತಾ? ಗಾಳಿ +2 ಇದ್ದು ಫೀಲ್ಸ್ ಲೈಕ್ −5 ತೋರಿಸಿದ ದಿನ ಬಾಟಲಿ ನೀರು ಹೆಪ್ಪುಗಟ್ಟಲ್ಲ, ಅದೇ ಕಾರಣಕ್ಕೆ. ಕೂಲಂಟನ್ನ ಆ ಊರಿನ ಅತಿ ಕಡಿಮೆ ಉಷ್ಣಾಂಶ ನೋಡಿ ಹಾಕಿ. ವಿನಿಪೆಗ್‌ನಲ್ಲಿ ಗಾಳಿಯೇ −30 ಮುಟ್ಟೋದುಂಟು.

ಇನ್ನೊಬ್ಬರು: ಏಪ್ರಿಲ್‌ನಲ್ಲಿ ನಮ್ಮ ಮೈಸೂರಲ್ಲಿ ಗಾಳಿ ಬೀಸ್ತಿದ್ರೂ ಫೀಲ್ಸ್ ಲೈಕ್ ಜಾಸ್ತಿನೇ ತೋರಿಸುತ್ತೆ. ಆ್ಯಪ್ ಸುಳ್ಳು.

ತಜ್ಞರು: ಅದು ತೇವಾಂಶದ ಲೆಕ್ಕ, ಬೇರೆ ಸೂತ್ರ. ನಾನು ಹೇಳಿದ ಚಳಿಗಾಳಿಯ ಸೂತ್ರ 10 ಡಿಗ್ರಿ ಮತ್ತು ಅದಕ್ಕಿಂತ ಕೆಳಗೆ ಮಾತ್ರ.

ಕೇಳಿದವರು: ಅಳಿಯ ಹಿಮದ ಮೇಲೆ ಓಡೋ ತೆರೆದ ಗಾಡಿ, ಸ್ನೋಮೊಬೈಲ್ ಹತ್ತಿಸ್ತಾರಂತೆ. ಅದಕ್ಕೂ ಇದೇ ನಂಬರ್ರಾ?

ತಜ್ಞರು: ಅಲ್ಲ, ಅಲ್ಲೇ ಎಡವೋದು. ಗಾಳಿ ಇಲ್ಲದಿದ್ದರೂ ಗಾಡಿಯ ವೇಗವೇ ಗಾಳಿ. ಇನ್ನೊಂದು ಸೂಕ್ಷ್ಮ ಇದೆ. ವರದಿಯ ಗಾಳಿಯನ್ನ 10 ಮೀಟರ್ ಎತ್ತರದಲ್ಲಿ ಅಳೀತಾರೆ, ಮುಖದ ಮಟ್ಟಕ್ಕೆ ಬರೋದು ಅದರ ಮೂರನೇ ಎರಡರಷ್ಟು ಅಂತ ಸೂತ್ರವೇ ಕಳೆದುಕೊಂಡಿರುತ್ತೆ. ಗಾಡಿಯಲ್ಲಿ 40ರ ವೇಗ ಪೂರ್ತಿ ಮುಖಕ್ಕೇ ಬಡಿಯುತ್ತೆ. ಹಾಗಾಗಿ ಆ ಸೂತ್ರದಿಂದ ಮಾಡಿದ ಪಟ್ಟಿಯಲ್ಲಿ 40ರ ಬದಲು 60ರ ಸಾಲು ನೋಡಿ: −15ಕ್ಕೆ ಅದು −30. ಆ ಮಟ್ಟದಲ್ಲಿ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು.

ಬರೀ ಉಣ್ಣೆ ಸ್ವೆಟರ್ ಸಾಲದು, ಗಾಳಿ ಅದರೊಳಗೆ ನುಗ್ಗುತ್ತೆ. ಮೇಲೊಂದು ಗಾಳಿ ತೂರದ ಜಾಕೆಟ್, ಕಿವಿ ಮೂಗು ಕೆನ್ನೆಗೆ ಮುಸುಕು, ಬೆರಳುಗಳೆಲ್ಲ ಒಂದೇ ಚೀಲದಲ್ಲಿರೋ ಕೈಗವಸು ಬೇಕು. ಕೆನ್ನೆಯ ಮರಗಟ್ಟುವಿಕೆ ನಮಗೇ ತಿಳಿಯಲ್ಲ, ನೋವು ನಿಂತಾಗ ಬೆಚ್ಚಗಾಯ್ತು ಅಂದ್ಕೋತೀವಿ. ಒಬ್ಬರ ಮುಖ ಒಬ್ಬರು ನೋಡ್ತಿರಿ. ಮೇಣದ ಹಾಗೆ ಬಿಳಚಿದ್ರೆ ಒಳಗೆ ಬನ್ನಿ, ಉಜ್ಜಬೇಡಿ.

ಮಂಡ್ಯದ ಮೆಕ್ಯಾನಿಕ್: ಲೇಹ್‌ನಲ್ಲಿ ಗಾಳಿ ತೆಳು ಅಲ್ವಾ ಸಾರ್? ಅದು ಮೈಶಾಖವನ್ನ ಅಷ್ಟೊಂದು ಕಿತ್ಕೊಳ್ಳಲ್ಲ ಅನ್ಸುತ್ತೆ.

ತಜ್ಞರು: ತೆಳು ಗಾಳಿ ಶಾಖ ಕಡಿಮೆ ಒಯ್ಯುತ್ತೆ, ನಿಜ. ಸೂತ್ರದಲ್ಲಿ ಎತ್ತರದ ಲೆಕ್ಕವೇ ಇಲ್ಲ. ಆದರೆ ಅಲ್ಲಿ ಆಮ್ಲಜನಕವೂ ಕಡಿಮೆ, ಬೆರಳುಗಳಿಗೆ ಅದು ಒಳ್ಳೇದಲ್ಲ. ಒಂದಕ್ಕೊಂದು ವಜಾ ಆಗುತ್ತೆ ಅಂತ ನಾನಂತೂ ಲೆಕ್ಕ ಹಾಕಲ್ಲ.