ವಿವರಣೆ ಕನ್ನಡದಲ್ಲಿ, ಕೋಡ್ ಇಂಗ್ಲಿಷಲ್ಲೇ: ಹೇಗೆ ಕೇಳ್ತೀರಿ?

ಕೇಳಿದವರು: ಡಿಪ್ಲೊಮಾ ಮುಗಿಸಿ ಪೈಥಾನ್ ಕಲೀತಿದೀನಿ. ಡೇರಿಗೆ ಹಾಕೋ ಹಾಲಿನ ಲೆಕ್ಕಕ್ಕೆ ಚಿಕ್ಕ ಪ್ರೋಗ್ರಾಂ ಬರೀತಿದ್ದೆ. ಎರರ್ ಬಂದಾಗ ಗೆಳೆಯರನ್ನ ಕೇಳಿದ್ರೆ ಇಂಗ್ಲಿಷಲ್ಲೇ ಹೇಳ್ತಾರೆ, ಅರ್ಧ ತಲೆಗೆ ಹೋಗಲ್ಲ. ಎರರನ್ನ ಕನ್ನಡ ಮಾಡಿ ಕಳಿಸಿದ್ರೆ ಅವರಿಗೇ ತಿಳಿಯಲ್ಲ. ನೀವೆಲ್ಲ ಹೇಗೆ ಕೇಳ್ತಿದ್ರಿ?

ಶಿರಸಿಯ ಡಿಟಿಪಿಯವರು: ಕನ್ನಡ ಟೈಪ್ ಮಾಡೋಕೆ ನುಡಿ ಹಾಕ್ಕೊಳ್ಳಿ ತಮ್ಮಾ. ನಾನು ಇಪ್ಪತ್ತು ವರ್ಷದಿಂದ ಅದರಲ್ಲೇ ಲಗ್ನಪತ್ರಿಕೆ ಮಾಡ್ತಿದ್ದೇನೆ, ಏನೂ ತೊಂದರೆ ಇಲ್ಲ.

ಹಳೇ ಪ್ರೋಗ್ರಾಮರ್: ಅಣ್ಣಾ, ಅವರು ಕೇಳಿದ್ದು ಟೈಪಿಂಗ್ ಅಲ್ಲ. ಆದರೂ ಹೇಳ್ತೀನಿ, ನುಡಿ ಬಳಸಿದ್ರೆ ಯೂನಿಕೋಡ್‌ನಲ್ಲಿ ಇಟ್ಕೊಳ್ಳಿ. ಹಳೇ ಫಾಂಟಿನಲ್ಲಿ ಬರೆದು ಕಳಿಸಿದ್ರೆ ಈ ಕಡೆ ಬರೀ ಚಿತ್ರವಿಚಿತ್ರ ಅಕ್ಷರ ಕಾಣುತ್ತೆ.

ಈಗ ಪ್ರಶ್ನೆಗೆ. ಪರದೆ ಮೇಲೆ ಬಂದದ್ದನ್ನ ಮುಟ್ಟಬೇಡಿ. ಕೋಡ್ ಮತ್ತು ಎರರ್ ಇದ್ದ ಹಾಗೇ ಕಾಪಿ ಮಾಡಿ, ನಿಮ್ಮ ಮಾತು ಮಾತ್ರ ಕನ್ನಡದಲ್ಲಿ ಬರೀರಿ. ನಿಮ್ಮದು ಹೆಚ್ಚು ಕಡಿಮೆ ಹೀಗಿರಬಹುದು:

```
litre = int(input("ಎಷ್ಟು ಲೀಟರ್? "))
print(litre * 40)
```

2.5 ಅಂತ ಕೊಟ್ರೆ ಕೊನೇ ಸಾಲು ಇದು:

```
ValueError: invalid literal for int() with base 10: '2.5'
```

ಇದರ ಕೆಳಗೆ ಹೀಗೆ ಬರೀರಿ: "2.5 ಕೊಟ್ಟೆ, 100 ಬರಬೇಕಿತ್ತು, ಇದು ಬಂತು. ಯಾಕೆ ಅಂತ ಕನ್ನಡದಲ್ಲಿ ಹೇಳಿ. `int`, `input` ಅನ್ನೋ ಹೆಸರು ಹಾಗೇ ಇರಲಿ."

ಈ ಸಾಲನ್ನ ಪದಕ್ಕೆ ಪದ ಕನ್ನಡ ಮಾಡಿದ್ರೆ `base` ಅನ್ನೋದು "ತಳ" ಆಗಿ ಕೂತ್ಕೊಳ್ಳುತ್ತೆ, ಓದಿದವನು ಕಂಗಾಲು. ನಾನು ಹೇಳೋದಾದ್ರೆ: ಹೀಗೆ ಟೈಪ್ ಮಾಡಿ ಕೊಟ್ಟದ್ದರಲ್ಲಿ `int` ಪೂರ್ಣಾಂಕ ಮಾತ್ರ ತಗೊಳ್ಳುತ್ತೆ. ನಾವು ದಿನಾ ಬಳಸೋ ಹತ್ತಂಕಿಯ ಲೆಕ್ಕದಲ್ಲಿ ನೀವು ಕೊಟ್ಟದ್ದನ್ನ ಓದೋಕೆ ಹೋಯ್ತು, ನಡುವೆ ಚುಕ್ಕಿ ಸಿಕ್ತು, ನಿಂತುಬಿಡ್ತು. `int` ಬದಲು `float` ಹಾಕಿ.

ಇನ್ನು "100 ಬರಬೇಕಿತ್ತು" ಅನ್ನೋ ಮಾತು ಬಿಡಬೇಡಿ. ಯಾಕಂದ್ರೆ `int` ಪೂರ್ತಿ ತೆಗೆದು 5 ಕೊಟ್ಟು ನೋಡಿ, ಎರರೇ ಬರಲ್ಲ. 5ನ್ನ ನಲವತ್ತು ಸಲ ಸಾಲಾಗಿ ಬರೀತದೆ. `input` ಕೊಡೋದು ಯಾವಾಗಲೂ ಸ್ಟ್ರಿಂಗ್, ಅಂದ್ರೆ ಬರೀ ಅಕ್ಷರಗಳ ಸಾಲು. ಸ್ಟ್ರಿಂಗಿಗೆ `* 40` ಅಂದ್ರೆ "ನಲವತ್ತು ಸಲ ಬರಿ" ಅಂತ ಅರ್ಥ. ಕಾಪಿ ಮಾಡೋಕೆ ಎರರೇ ಇಲ್ಲ, ಹಾಗಾಗಿ ಏನು ಬರಬೇಕಿತ್ತು ಅಂತ ನೀವು ಹೇಳದೆ ಬೇರೆಯವರಿಗೆ ತಪ್ಪು ಕಾಣೋದು ಕಷ್ಟ.

ಧಾರವಾಡದ ವಿದ್ಯಾರ್ಥಿ: ಎಲ್ಲಾ ಸರಿ ಐತ್ರಿ, ಆದ್ರ ಕೋಡಿನ ಫೈಲಿನಾಗ ಕನ್ನಡ ಅಕ್ಷರ ಒಂದೂ ಇರಬಾರದು. ನಾ ಕನ್ನಡ ಹಾಕಿದ್ದಕ್ಕ ಪ್ರೋಗ್ರಾಂ ನಿಂತಬಿಟ್ಟಿತ್ತು.

ಹಳೇ ಪ್ರೋಗ್ರಾಮರ್: ಅರ್ಧ ನಿಜ. ಕೋಟ್ ಒಳಗೆ, `#` ಆದಮೇಲೆ ಎಷ್ಟು ಬೇಕಾದ್ರೂ ಕನ್ನಡ ಬರೀಬಹುದು. ನಾನಂತೂ ಕನ್ನಡದಲ್ಲಿ ಕೇಳಿ ತಿಳ್ಕೊಂಡದ್ದನ್ನ ಆ ಸಾಲಿನ ಪಕ್ಕದಲ್ಲೇ `#` ಹಾಕಿ ಬರೆದಿಡ್ತಿದ್ದೆ. ವೇರಿಯಬಲ್ ಹೆಸರನ್ನೂ `ಹಾಲು` ಅಂತ ಇಡಬಹುದು, ಪೈಥಾನ್ 3 ಒಪ್ಪುತ್ತೆ. ಆದ್ರೆ "ಪ್ಯಾಕೆಟ್‌ಗಳು" ತರದ ಪದ ಇಟ್ರೆ ಕೆಡುತ್ತೆ. ಟ್ ಮತ್ತು ಗ ಕೂಡದ ಹಾಗೆ ಕೀಬೋರ್ಡು ನಡುವೆ ಒಂದು ಕಾಣದ ಅಕ್ಷರ ಹಾಕಿರುತ್ತೆ, ಹೊಸ ಆವೃತ್ತಿಗಳು ಅದನ್ನ `U+200C` ಅಂತ ತೋರಿಸ್ತವೆ. ನಿಮಗೆ ಆದದ್ದು ಇದೇನಾ, ಇಲ್ಲಾ ಕೀಬೋರ್ಡ್ ಬದಲಾಯಿಸೋದು ಮರೆತು 40 ಅನ್ನೋ ಕಡೆ ೪೦ ಬಿತ್ತಾ?

ಧಾರವಾಡದ ವಿದ್ಯಾರ್ಥಿ: ಅಂಕಿನ ಅನಸ್ತದ. ಈಗ ನೆನಪಿಲ್ರಿ.

ಹಳೇ ಪ್ರೋಗ್ರಾಮರ್: ತಮಾಷೆ ನೋಡಿ, ಕೋಡಿನಲ್ಲಿ ೪೦ ಬರೆದ್ರೆ ಎರರ್. ಅದೇ `input` ಕೇಳಿದಾಗ ೫ ಅಂತ ಕೊಟ್ರೆ `int` ಅದನ್ನ ಐದು ಅಂತಲೇ ಓದುತ್ತೆ. ಬಳಸುವವರು ಕನ್ನಡ ಅಂಕಿ ಒತ್ತಿದ್ರೂ ಪರವಾಗಿಲ್ಲ, ಬರೆಯೋ ನೀವು ಒತ್ತಬಾರದು.

ಬೆಂಗಳೂರಲ್ಲಿ ಟೆಸ್ಟಿಂಗ್ ಮಾಡೋರು: ನನಗೆ ಸ್ವಲ್ಪ ಭಿನ್ನಾಭಿಪ್ರಾಯ. ಪಕ್ಕದ ಮನೆ ಅಕ್ಕನ ಹತ್ರ ಪೂರ್ತಿ ಕನ್ನಡದಲ್ಲೇ ಕೇಳಿ ಕಲಿತೆ, ಚೆನ್ನಾಗೇ ತಲೆಗೆ ಹೋಯ್ತು. ಮೊದಲ ಇಂಟರ್‌ವ್ಯೂನಲ್ಲಿ ಲಿಸ್ಟಿಗೂ ಟಪಲ್‌ಗೂ ಏನು ವ್ಯತ್ಯಾಸ ಅಂದ್ರು. ಗೊತ್ತಿತ್ತು, ಇಂಗ್ಲಿಷಲ್ಲಿ ಹೇಳೋಕೆ ಬಾಯಿ ಬರಲಿಲ್ಲ. ಕನ್ನಡದಲ್ಲಿ ತಿಳ್ಕೊಂಡಮೇಲೆ ಅದನ್ನೇ ಎರಡು ಸಾಲು ಇಂಗ್ಲಿಷಲ್ಲಿ ಹೇಳಿಸ್ಕೊಳ್ಳಿ.

ಹಳೇ ಪ್ರೋಗ್ರಾಮರ್: ಕೆಲಸ ಹುಡುಕೋ ಹೊತ್ತಿಗೆ ಸರಿ. ಮೊದಲ ತಿಂಗಳೇ ಆ ಹೊರೆ ಯಾಕಮ್ಮಾ?

ಬೆಂಗಳೂರಲ್ಲಿ ಟೆಸ್ಟಿಂಗ್ ಮಾಡೋರು: ಮುಂದಕ್ಕೆ ಹಾಕ್ತಾ ಹೋದ್ರೆ ಆ ದಿನ ಬರಲ್ಲ ಸರ್, ನನಗೆ ಆದದ್ದು ಅದೇ.

ಕೇಳಿದವರು: `float` ಹಾಕ್ದೆ, ಕೆಲಸ ಮಾಡ್ತು! ಇನ್ನೊಂದು, ನೀವು ಹೇಳಿದ ಹಾಗೇ ಕೇಳ್ತೀನಿ. 2.5 ಕೊಟ್ಟೆ, 100 ಬರಬೇಕಿತ್ತು, `100.0` ಬಂತು. ಆ ಚುಕ್ಕಿ ಸೊನ್ನೆ ಎಲ್ಲಿಂದ ಬಂತು ಸರ್?